ಮುಖ ನೋಡದ ತಂಡಕ್ಕೆ ಹೊಸ ಮ್ಯಾನೇಜರ್ ಬರೆಯುವ ಮೊದಲ ಮೇಲ್: ಒಂದು ಶಾಖೆಯ ಉದಾಹರಣೆ

ಮೊದಲ ಮೇಲ್ ಬರೆಯಲು ಕೂತಾಗ ನಮ್ಮ ಗಮನವೆಲ್ಲ ‘ನಾನು ಯಾರು’ ಎಂದು ಹೇಳುವುದರ ಮೇಲಿರುತ್ತದೆ. ಓದುವವರು ಹುಡುಕುವುದು ಬೇರೆಯದನ್ನು. ಇವರು ಬಂದ ಮೇಲೆ ನನ್ನ ಏರಿಯಾ ಬದಲಾಗುತ್ತದಾ? ಹಿಂದಿನವರು ಒಪ್ಪಿದ್ದ ರಜೆ ಉಳಿಯುತ್ತದಾ? ಟಾರ್ಗೆಟ್ ಏರುತ್ತದಾ? ಈ ಟಿಪ್ಪಣಿಯಲ್ಲಿ ಒಂದೇ ಮೇಲ್ ಇಟ್ಟುಕೊಂಡು ಈ ಅಂತರವನ್ನು ನೋಡೋಣ. ಅದು ನಾನೇ ಬರೆದ ಮೇಲ್, ಎರಡು ಸಲ ತಿದ್ದಿದ್ದು.

ಸಂದರ್ಭ ಹೀಗಿತ್ತು. ಗದಗ ಕಡೆಯ ಒಂದು ಮೈಕ್ರೋಫೈನಾನ್ಸ್ ಶಾಖೆ. ಫೀಲ್ಡ್ ಆಫೀಸರ್‌ಗಳು ಹಳ್ಳಿಗಳ ‘ಸೆಂಟರ್’ಗಳಲ್ಲಿ ಸಾಲ ಪಡೆದ ಸಂಘದವರನ್ನು ಸೇರಿಸಿ ಕಂತು ವಸೂಲು ಮಾಡುತ್ತಾರೆ. ಒಟ್ಟು ಒಂಬತ್ತು ಜನ: ಆರು ಫೀಲ್ಡ್ ಆಫೀಸರ್‌ಗಳು, ಒಬ್ಬ ಕ್ಯಾಷಿಯರ್, ಒಬ್ಬ ಆಫೀಸ್ ಸಹಾಯಕಿ, ಒಬ್ಬರು ಅಸಿಸ್ಟೆಂಟ್ ಮ್ಯಾನೇಜರ್. ಹಿಂದಿನ ಬ್ರಾಂಚ್ ಮ್ಯಾನೇಜರ್ ವರ್ಗವಾಗಿ ಆರು ವಾರ ಆಗಿತ್ತು. ಅಷ್ಟು ದಿನ ಅಸಿಸ್ಟೆಂಟ್ ಮ್ಯಾನೇಜರ್ ಚಾರ್ಜ್ ವಹಿಸಿಕೊಂಡಿದ್ದರು. ಆ ಹುದ್ದೆ ತಮಗೇ ಸಿಗಬಹುದೆಂಬ ನಿರೀಕ್ಷೆಯೂ ಅವರಿಗಿತ್ತು. ನಾನು ದಾವಣಗೆರೆಯಿಂದ ಸೋಮವಾರ ಸೇರಬೇಕಿತ್ತು. ಅವರಲ್ಲಿ ಒಬ್ಬರನ್ನೂ ನಾನು ನೋಡಿರಲಿಲ್ಲ.

ಮೇಲ್‌ಗೂ ಮೊದಲು ಆಗಬೇಕಾದ ಎರಡು ಕೆಲಸ

ನಿಮ್ಮ ಮೇಲ್ ಆದೇಶಕ್ಕಿಂತ ಮೊದಲು ತಲುಪಬಾರದು. ‘ನಾನೇ ನಿಮ್ಮ ಹೊಸ ಮ್ಯಾನೇಜರ್’ ಎಂದು ಅಪರಿಚಿತ ಹೆಸರಿನಿಂದ ಮೇಲ್ ಬಂದರೆ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ನಿಜವೋ ಸುಳ್ಳೋ ಎಂದು ವಿಚಾರಿಸುತ್ತಾರೆ. ಆದ್ದರಿಂದ ಏರಿಯಾ ಮ್ಯಾನೇಜರ್‌ಗೆ ನೇರವಾಗಿ ಕೇಳಿ: ಆದೇಶ ಶಾಖೆಯ ಐಡಿಗೆ ಹೋಯಿತೇ, ಯಾವತ್ತು ಹೋಯಿತು? ‘ಕಳಿಸ್ತೀವಿ’ ಎಂಬ ಉತ್ತರ ಬಂದರೆ ನಿಮ್ಮ ಕರಡು ಡ್ರಾಫ್ಟ್‌ನಲ್ಲೇ ಇರಲಿ.

ಎರಡನೆಯದು ಫೋನ್. ಚಾರ್ಜ್‌ನಲ್ಲಿ ಇದ್ದವರಿಗೆ ಸುದ್ದಿ ಎಲ್ಲರ ಜೊತೆಗೇ ಮೇಲ್‌ನಲ್ಲಿ ಸಿಕ್ಕರೆ ಅವಮಾನ ಅನಿಸುತ್ತದೆ. ಹುದ್ದೆ ಕೈತಪ್ಪಿದವರಿಗೆ ಅದು ಇನ್ನೂ ಹೆಚ್ಚು ಚುಚ್ಚುತ್ತದೆ. ನಾನು ಬುಧವಾರ ಸಂಜೆ ಅವರಿಗೆ ಫೋನ್ ಮಾಡಿದೆ. ಸಮಾಧಾನ ಹೇಳಲು ಹೋಗಲಿಲ್ಲ, ಅದು ನನ್ನ ಬಾಯಿಂದ ಬರುವ ಮಾತಲ್ಲ. ‘ಸರ್, ನಾಳೆ ಎಲ್ಲರಿಗೂ ಮೇಲ್ ಹಾಕ್ತಿದ್ದೀನಿ. ನೀವು ಆರು ವಾರ ಶಾಖೆ ನಡೆಸಿದ್ದನ್ನ ಅದರಲ್ಲಿ ಬರೀತೀನಿ. ಶನಿವಾರದವರೆಗೆ ಅಪ್ರೂವಲ್ ಎಲ್ಲ ನಿಮ್ಮದೇ ಅಂತಾನೂ ಬರೀಲಾ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೀರಿ ಮೇಡಂ. ಹೆರಿಗೆ ರಜಾದಾಗ ಒಬ್ಬಾಕಿ ಇದ್ದಾಳ, ಆಕಿಗೂ ಹಾಕ್ರಿ’ ಅಂದರು. ಆ ಎರಡನೇ ಮಾತು ನನಗೆ ಗೊತ್ತೇ ಇರಲಿಲ್ಲ.

ನಾನು ಮೊದಲು ಬರೆದದ್ದು

> ಆತ್ಮೀಯ ತಂಡದ ಸದಸ್ಯರೇ, ಈ ಪ್ರತಿಷ್ಠಿತ ಶಾಖೆಯ ಮುಖ್ಯಸ್ಥೆಯಾಗಿ ಸೇರಲು ನನಗೆ ಅತೀವ ಸಂತೋಷವಾಗುತ್ತಿದೆ. ನನಗೆ ಏಳು ವರ್ಷಗಳ ಅನುಭವವಿದ್ದು, ಹಲವು ಪ್ರಶಸ್ತಿಗಳನ್ನು ಪಡೆದಿರುತ್ತೇನೆ. ಹೊಸ ಆಲೋಚನೆಗಳೊಂದಿಗೆ ಶಾಖೆಯನ್ನು ನಂಬರ್ ಒನ್ ಮಾಡೋಣ. ಯಾವುದೇ ಸಮಸ್ಯೆ ಇದ್ದಲ್ಲಿ ಯಾವಾಗ ಬೇಕಾದರೂ ಸಂಪರ್ಕಿಸಿ.

ಇದರಲ್ಲಿ ಸುಳ್ಳೇನೂ ಇಲ್ಲ, ಆದರೂ ಕಳಿಸಬಾರದ ಮೇಲ್ ಇದು. ಫೀಲ್ಡ್ ಆಫೀಸರ್‌ನ ಕಿವಿಗೆ ‘ನಂಬರ್ ಒನ್’ ಎಂದರೆ ಕಲೆಕ್ಷನ್ ಒತ್ತಡ ಎಂದೇ ಅರ್ಥ. ‘ಹೊಸ ಆಲೋಚನೆ’ ಎಂದರೆ ಇಲ್ಲಿಯವರೆಗೆ ಮಾಡಿದ್ದು ಸರಿಯಿಲ್ಲ ಎಂದು ಕೇಳಿಸುತ್ತದೆ, ಅದರಲ್ಲೂ ಆರು ವಾರ ಚಾರ್ಜ್‌ನಲ್ಲಿದ್ದವರಿಗೆ. ‘ಯಾವಾಗ ಬೇಕಾದರೂ’ ಎಂಬುದು ಉಳಿಸಿಕೊಳ್ಳಲಾಗದ ಮಾತು. ಮೀಟಿಂಗ್‌ನಲ್ಲಿದ್ದಾಗ ಮೊದಲ ಕರೆ ಕಟ್ ಮಾಡಿದರೆ ಸಾಕು, ಆ ಸಾಲು ಸುಳ್ಳಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಅವರ ಮನಸ್ಸಿನಲ್ಲಿದ್ದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಇಲ್ಲಿ ಉತ್ತರವಿಲ್ಲ.

ನಿಮ್ಮ ಕರಡನ್ನು ಪರೀಕ್ಷಿಸಲು ನಾನು ಬಳಸುವ ವಿಧಾನ ಇದು. ಊರಿನ ಹೆಸರು, ಸೇರುವ ದಿನ ಅಳಿಸಿ ಓದಿ. ಆಗಲೂ ಅದನ್ನು ಬೇರೆ ಯಾವ ಶಾಖೆಗಾದರೂ ಕಳಿಸಬಹುದು ಅನಿಸಿದರೆ, ಅದು ಈ ತಂಡಕ್ಕೆಂದು ಬರೆದ ಮೇಲ್ ಅಲ್ಲ.

ಕಳಿಸಿದ ಮೇಲ್

> ವಿಷಯ: ಸೋಮವಾರ ಶಾಖೆಗೆ ಸೇರುತ್ತಿದ್ದೇನೆ – ಹೊಸ ಬ್ರಾಂಚ್ ಮ್ಯಾನೇಜರ್
>
> ಎಲ್ಲರಿಗೂ ನಮಸ್ಕಾರ,
>
> ಏರಿಯಾ ಮ್ಯಾನೇಜರ್ ಅವರು ನಿನ್ನೆ ಕಳಿಸಿದ ಆದೇಶ ನೋಡಿರುತ್ತೀರಿ. ಸೋಮವಾರ ನಾನು ಶಾಖೆಗೆ ಸೇರುತ್ತಿದ್ದೇನೆ. ನಾಲ್ಕು ವರ್ಷ ಫೀಲ್ಡ್ ಆಫೀಸರ್ ಆಗಿದ್ದೆ, ಆಮೇಲೆ ಮೂರು ವರ್ಷ ದಾವಣಗೆರೆಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ಗದಗ ಕಡೆಯ ಹಳ್ಳಿಗಳು ನನಗೆ ಹೊಸವು.
>
> ಈ ತಿಂಗಳು ಯಾರ ಸೆಂಟರ್‌ಗಳೂ ಬದಲಾಗುವುದಿಲ್ಲ. ಮಂಜೂರಾದ ರಜೆಗಳು ಹಾಗೆಯೇ ಇರುತ್ತವೆ. ಮುಂದಿನ ತಿಂಗಳ ಟಾರ್ಗೆಟ್ ನನಗಿನ್ನೂ ತಿಳಿದಿಲ್ಲ. 25ರೊಳಗೆ ಕೇಳಿಕೊಂಡು ಎಲ್ಲರಿಗೂ ಒಟ್ಟಿಗೇ ಹೇಳುತ್ತೇನೆ.
>
> ಈ ಆರು ವಾರ ಶಾಖೆ ನಡೆಸಿದ ಅಸಿಸ್ಟೆಂಟ್ ಮ್ಯಾನೇಜರ್ ಅವರ ಜೊತೆ ಮಾತಾಡಿದ್ದೇನೆ. ಶನಿವಾರ ಸಂಜೆಯವರೆಗೆ ಎಲ್ಲ ಅಪ್ರೂವಲ್ ಅವರದೇ.
>
> ಮೊದಲ ವಾರ ದಿನಕ್ಕೊಬ್ಬರಂತೆ ನಿಮ್ಮ ಜೊತೆ ಸೆಂಟರ್ ಮೀಟಿಂಗ್‌ಗೆ ಬರುತ್ತೇನೆ, ದಾರಿ, ಊರು, ಸಂಘದವರ ಪರಿಚಯ ಆಗಲೆಂದು. ನಿಮಗೆ ಯಾವ ದಿನ ಅನುಕೂಲ ಎಂದು ಶನಿವಾರದೊಳಗೆ ಒಂದು ಸಾಲು ಬರೆಯಿರಿ. ಆಫೀಸಿನಲ್ಲಿರುವವರ ಜೊತೆ ಸೋಮವಾರ ಮಧ್ಯಾಹ್ನ ಕೂರೋಣ.
>
> ಮಧ್ಯಾಹ್ನ 2ರಿಂದ 6ರವರೆಗೆ ಫೋನ್‌ನಲ್ಲಿ ಸಿಗುತ್ತೇನೆ.

ಕೆಳಗೆ ಹೆಸರು, ಫೋನ್ ನಂಬರ್. ಇಷ್ಟೇ. ಫೋನ್‌ನಲ್ಲಿ ಎರಡು ಸಲ ಸ್ಕ್ರೋಲ್ ಮಾಡಿದರೆ ಮುಗಿಯುತ್ತದೆ.

ಅನುಭವದ ಸಾಲು ಚಿಕ್ಕದಾಯಿತು, ಆದರೆ ಒಳಗಿರುವ ವಿಷಯ ಬದಲಾಯಿತು. ‘ಏಳು ವರ್ಷ’ ಎಂಬ ಮೊತ್ತಕ್ಕಿಂತ ‘ನಾಲ್ಕು ವರ್ಷ ಫೀಲ್ಡ್ ಆಫೀಸರ್’ ಎಂಬುದು ಅವರಿಗೆ ಮುಖ್ಯ. ಬೆಳಿಗ್ಗೆ ಏಳಕ್ಕೆ ಊರು ತಲುಪುವುದು, ಒಬ್ಬ ಸದಸ್ಯೆ ಬರದಿದ್ದಾಗ ಉಳಿದವರನ್ನು ಕೂರಿಸಿಕೊಂಡು ಕಾಯುವುದು, ಇವೆಲ್ಲ ಹೊಸ ಮ್ಯಾನೇಜರ್‌ಗೆ ಗೊತ್ತಿದೆ ಎಂದು ಓದುವವರಿಗೆ ಆ ಒಂದು ಸಾಲಿನಲ್ಲೇ ತಿಳಿಯುತ್ತದೆ. ನೀವು ಫೀಲ್ಡ್‌ನಲ್ಲಿ ಕೆಲಸ ಮಾಡಿಲ್ಲದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಎರಡನೇ ದಿನ ಹೇಗೂ ಗೊತ್ತಾಗುತ್ತದೆ.

‘ಏನೂ ಬದಲಾಗುವುದಿಲ್ಲ’ ಎಂದು ಬರೆಯುವ ಆಸೆ ಬರುತ್ತದೆ. ಬೇಡ. ಅದು ನಿಮ್ಮ ಕೈಯಲ್ಲಿಲ್ಲ. ‘ಈ ತಿಂಗಳು’ ಎಂಬ ಗಡಿ ಹಾಕಿ, ಅದಕ್ಕೂ ಮೊದಲು ಏರಿಯಾ ಮ್ಯಾನೇಜರ್ ಹತ್ತಿರ ಖಚಿತ ಮಾಡಿಕೊಳ್ಳಿ. ಗೊತ್ತಿಲ್ಲದ ವಿಷಯಕ್ಕೆ ‘ಗೊತ್ತಿಲ್ಲ’ ಎಂದು ಬರೆದು, ಯಾವಾಗ ಹೇಳುತ್ತೀರಿ ಎಂಬ ತಾರೀಖು ಕೊಡಿ. ತಾರೀಖು ಕೊಟ್ಟ ಮೇಲೆ ಆ ದಿನ ‘ಇನ್ನೂ ಬಂದಿಲ್ಲ’ ಎಂಬ ಉತ್ತರವನ್ನಾದರೂ ಕಳಿಸಲೇಬೇಕು.

ಸೆಂಟರ್‌ಗೆ ಬರುತ್ತೇನೆ ಎಂಬ ಸಾಲಿನಲ್ಲಿ ಮೊದಲು ‘ತಪಾಸಣೆಗಲ್ಲ’ ಎಂಬ ಪದವೂ ಇತ್ತು. ಅವರಿಗೆ ಧೈರ್ಯ ಬರಲಿ ಎಂದು ಹಾಕಿದ್ದೆ. ಆಮೇಲೆ ಯೋಚಿಸಿದೆ: ಮೂರನೇ ದಿನ ಯಾರದೋ ಪಾಸ್‌ಬುಕ್‌ನಲ್ಲಿ ಕಟ್ಟಿದ ಕಂತು ದಾಖಲಾಗದಿರುವುದು ಕಣ್ಣಿಗೆ ಬಿದ್ದರೆ? ನಾನು ಸುಮ್ಮನಿರುವ ಹಾಗಿಲ್ಲ. ಆಗ ‘ತಪಾಸಣೆಗಲ್ಲ ಅಂದಿದ್ರಿ’ ಎಂದು ಕೇಳುವವರ ಮಾತು ನ್ಯಾಯವಾಗಿಯೇ ಇರುತ್ತದೆ. ಅದಕ್ಕೇ ಬರುವ ಕಾರಣವನ್ನಷ್ಟೇ ಉಳಿಸಿಕೊಂಡು, ಮಾಡುವುದಿಲ್ಲ ಎಂಬ ಭರವಸೆಯನ್ನು ತೆಗೆದೆ.

ಕನ್ನಡದಲ್ಲಿ ಬರೆಯುವಾಗ ಎಡವುವ ಜಾಗಗಳು

‘ನಿಮ್ಮ ಶಾಖೆ’ ಎಂದರೆ ಹೊರಗಿನವರಂತೆ ಕೇಳಿಸುತ್ತದೆ, ಕಾಲಿಡುವ ಮೊದಲೇ ‘ನಮ್ಮ ಶಾಖೆ’ ಎಂದರೆ ಅಧಿಕಾರ ಹಿಡಿದಂತೆ. ಎರಡೂ ಇಲ್ಲದೆ ಬರೀ ‘ಶಾಖೆಗೆ’ ಎಂದರೆ ಕನ್ನಡದಲ್ಲಿ ಏನೂ ಕೊರತೆಯಾಗುವುದಿಲ್ಲ. ‘ತಿಳಿಸತಕ್ಕದ್ದು’, ‘ಸೂಚಿಸಲಾಗಿದೆ’ ಇವು ಸುತ್ತೋಲೆಯ ಭಾಷೆ. ‘ಒಂದು ಸಾಲು ಬರೆಯಿರಿ’ ಎಂಬಲ್ಲಿ ಮರ್ಯಾದೆಯೂ ಇದೆ, ಕೆಲಸವೂ ಸ್ಪಷ್ಟವಾಗಿದೆ. ‘ನನ್ನನ್ನು ಹೆಸರು ಹಿಡಿದೇ ಕರೆಯಿರಿ’ ಎಂದು ಕೆಲವರು ಬರೆಯುತ್ತಾರೆ. ಇಂಥ ಶಾಖೆಗಳಲ್ಲಿ ಎಲ್ಲರೂ ಸರ್, ಮೇಡಂ ಎನ್ನುವುದು ರೂಢಿ. ಅದನ್ನು ಮೇಲ್‌ನಲ್ಲಿ ಬದಲಿಸಲು ಹೋದರೆ ಜನಕ್ಕೆ ಮುಜುಗರವಾಗುತ್ತದೆ.

ಫಾಂಟ್ ವಿಷಯ ಸಣ್ಣದು, ಆದರೆ ಇಡೀ ಮೇಲ್ ಹಾಳಾಗುವುದು ಇಲ್ಲೇ. ಆಫೀಸ್ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದರೆ, ಆ ಫಾಂಟ್ ಇಲ್ಲದ ಫೋನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣಿಸುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಮೊದಲು ನಿಮಗೇ ಕಳಿಸಿಕೊಂಡು ಫೋನ್‌ನಲ್ಲಿ ತೆರೆದು ನೋಡಿ.

ಯಾರಿಗೆ, ಯಾವಾಗ

ಶಾಖೆಯ ಗ್ರೂಪ್ ಐಡಿಗೆ ಮಾತ್ರ ಹಾಕಿದ್ದರೆ ಹೆರಿಗೆ ರಜೆಯಲ್ಲಿದ್ದವರಿಗೆ ಮೇಲ್ ಹೋಗುತ್ತಿರಲಿಲ್ಲ. ರಜೆಗೆ ಹೋಗುವಾಗ ಅವರನ್ನು ಗ್ರೂಪ್‌ನಿಂದ ತೆಗೆದಿದ್ದರು. ಹೆರಿಗೆ ರಜೆ ಎಂದರೆ 26 ವಾರದವರೆಗೂ ಇರಬಹುದು. ಅವರು ವಾಪಸ್ ಬಂದ ದಿನ ಕುರ್ಚಿಯಲ್ಲಿ ಹೊಸಬರನ್ನು ನೋಡಿ ಬೆಚ್ಚುವಂತಾಗಬಾರದು. ಒಂಬತ್ತು ಜನರ ಹೆಸರನ್ನೂ ಅಕ್ಷರ ಕ್ರಮದಲ್ಲಿ To ಜಾಗದಲ್ಲೇ ಹಾಕಿದೆ. ಯಾರಿಗೆಲ್ಲ ಹೋಗಿದೆ ಎಂದು ಎಲ್ಲರಿಗೂ ಕಾಣುವುದು ಒಳ್ಳೆಯದು. ರಜೆಯಲ್ಲಿದ್ದವರಿಗೆ ಪ್ರತ್ಯೇಕವಾಗಿ ಇನ್ನೊಂದು ಸಾಲು ಬರೆದೆ: ‘ನೀವು ಇದಕ್ಕೆ ಉತ್ತರ ಬರೆಯಬೇಕಿಲ್ಲ, ಮಾಹಿತಿಗಾಗಿ ಮಾತ್ರ.’

ಕಳಿಸಿದ್ದು ಗುರುವಾರ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಅವರೆಲ್ಲ ಹಳ್ಳಿಗಳಲ್ಲಿರುತ್ತಾರೆ, ಕೈಯಲ್ಲಿ ಕ್ಯಾಷ್ ಇರುತ್ತದೆ, ಆಗ ಮೇಲ್ ಓದಿದರೂ ಮರೆಯುತ್ತಾರೆ. ಮೂರರ ಹೊತ್ತಿಗೆ ಶಾಖೆಗೆ ಬಂದು ಕ್ಯಾಷ್ ಟ್ಯಾಲಿ ಮಾಡಿ ಕುಳಿತಿರುತ್ತಾರೆ. ಶನಿವಾರ ರಾತ್ರಿ ಅಥವಾ ಭಾನುವಾರ ಕಳಿಸಿದರೆ ರಜೆಯಲ್ಲೂ ಇವರು ಬಿಡುವುದಿಲ್ಲ ಎಂಬ ಅಭಿಪ್ರಾಯ ಮೊದಲ ದಿನಕ್ಕೂ ಮೊದಲೇ ಹುಟ್ಟುತ್ತದೆ.

ಉತ್ತರಗಳನ್ನು ಓದುವುದು

ಅರ್ಧ ಗಂಟೆಯೊಳಗೆ ಎಲ್ಲರಿಗೂ ಕಾಣುವಂತೆ ನಾಲ್ಕು ‘ವೆಲ್‌ಕಮ್ ಮೇಡಂ’ ಬಂದವು. ಅದು ಸೌಜನ್ಯ. ಮೇಲ್ ಮುಟ್ಟಿತೆಂದು ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಒಬ್ಬೊಬ್ಬರಿಗೂ ಎಲ್ಲರಿಗೆ ಕಾಣುವಂತೆ ಧನ್ಯವಾದ ಹೇಳುತ್ತ ಹೋಗಬೇಡಿ. ಕೆಲಸಕ್ಕೆ ಬಂದದ್ದು ಸಂಜೆಯ ಹೊತ್ತಿಗೆ ನನಗೊಬ್ಬಳಿಗೇ ಬಂದ ಮೂರು ಮೇಲ್‌ಗಳು. ಇಬ್ಬರು ದಿನ ತಿಳಿಸಿದ್ದರು. ಮೂರನೆಯವರು ತಂಗಿಯ ಮದುವೆಗೆ ನಾಲ್ಕು ದಿನ ರಜೆ ಕೇಳಿದ್ದರು, ಅದಿನ್ನೂ ಮಂಜೂರಾಗಿರಲಿಲ್ಲ.

ಇಲ್ಲಿ ಕೈ ಜಾರುವುದು ಸುಲಭ. ‘ಆಗಲಿ, ಹೋಗಿ ಬನ್ನಿ’ ಎಂದು ಬರೆದರೆ ಒಳ್ಳೆಯ ಹೆಸರು ಬರುತ್ತದೆ. ಆದರೆ ಶನಿವಾರದವರೆಗೆ ಅಪ್ರೂವಲ್ ಅಸಿಸ್ಟೆಂಟ್ ಮ್ಯಾನೇಜರ್ ಅವರದು ಎಂದು ನಾನೇ ಮಧ್ಯಾಹ್ನ ಬರೆದಿದ್ದೆ. ‘ಮದುವೆಗೆ ಶುಭವಾಗಲಿ. ಅರ್ಜಿಯನ್ನು ಅಸಿಸ್ಟೆಂಟ್ ಮ್ಯಾನೇಜರ್ ಸರ್‌ಗೇ ಇವತ್ತೇ ಕಳಿಸಿ, ನನಗೆ ಸಿಸಿ ಹಾಕಿ’ ಎಂದು ಉತ್ತರಿಸಿದೆ. ಮರುದಿನ ಅವರೇ ಮಂಜೂರು ಮಾಡಿದರು.

ಶನಿವಾರ ಸಂಜೆಯಾದರೂ ದಿನ ತಿಳಿಸದೆ ಉಳಿದವರು ಮೂವರು. ಅವರಿಗೆ ಜ್ಞಾಪನೆಯ ಮೇಲ್ ಕಳಿಸಲಿಲ್ಲ. ಪರಿಚಯದ ಮೇಲ್‌ಗೆ ಜ್ಞಾಪನೆ ಹೋದರೆ ಅದು ಮೊದಲ ನೋಟಿಸ್‌ನಂತೆ ಕಾಣುತ್ತದೆ. ಸೋಮವಾರ ಮಧ್ಯಾಹ್ನ ಅವರು ಶಾಖೆಗೆ ಬಂದಾಗ ಒಬ್ಬೊಬ್ಬರ ಮೇಜಿಗೂ ಹೋಗಿ ದಿನ ಕೇಳಿ ಬರೆದುಕೊಂಡೆ. ಒಬ್ಬರು ಮೇಲ್ ಓದಿರಲೇ ಇಲ್ಲ. ಅವರ ಫೋನ್ ಕೆಟ್ಟು ವಾರವಾಗಿತ್ತಂತೆ.