ಲ್ಯಾಪ್‌ಟಾಪ್ ಯಾವಾಗ ಬರುತ್ತದೆ ಎಂದು ಕೇಳಿದರೆ ಆಫರ್ ಹೋಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಆಫರ್ ಒಪ್ಪಿ ಸಹಿ ಮಾಡಿ ಕಳುಹಿಸಿದ್ದೇನೆ. ಸೇರಲು ಇನ್ನೂ ಮೂರು ವಾರವಿದೆ. ಲ್ಯಾಪ್‌ಟಾಪ್ ಎಲ್ಲಿ ಕೊಡುತ್ತಾರೆ, ಮೊದಲ ವಾರ ದಿನವೂ ಕಚೇರಿಗೆ ಹೋಗಬೇಕೇ, ಯಾವ ಉಡುಪು ಎಂದು ಎಚ್‌ಆರ್‌ ಅವರನ್ನು ಕೇಳಬೇಕೆಂದಿದ್ದೇನೆ. ಆದರೆ ಹೆಚ್ಚು ಕೇಳಿದರೆ ಆಫರ್ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಸುಮ್ಮನಿರು ಎನ್ನುತ್ತಾರೆ ಸ್ನೇಹಿತರು. ಏನು ಮಾಡಲಿ?

ಉತ್ತರ: ಕೇಳಿ. ಈ ಪ್ರಶ್ನೆಗೆ ಇದೇ ಉತ್ತರವನ್ನು ಎಷ್ಟು ಸಲ ಬರೆದರೂ ಅದು ಮತ್ತೆ ಬರುತ್ತಲೇ ಇರುತ್ತದೆ. ಕೇಳಿದವರ ಜಾಗದಲ್ಲಿ ನಿಂತು ಯೋಚಿಸುವ ನಿಮ್ಮ ಸ್ನೇಹಿತರು ಎಚ್‌ಆರ್‌ ಮೇಜಿನ ಆಚೆ ಬದಿಯಲ್ಲಿ ಏನು ನಡೆಯುತ್ತದೆಂದು ನೋಡಿಲ್ಲ. ಆದ್ದರಿಂದ ಈ ಬಾರಿ ಆ ಬದಿಯಿಂದಲೇ ಹೇಳುತ್ತೇನೆ.

ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ 60 ಅಥವಾ 90 ದಿನ. ಆಫರ್ ಒಪ್ಪಿಕೊಂಡ ಅಭ್ಯರ್ಥಿ ಆ ಎರಡು ಮೂರು ತಿಂಗಳಲ್ಲಿ ಇನ್ನೆರಡು ಕಡೆ ಸಂದರ್ಶನ ಕೊಟ್ಟು, ಈ ಆಫರನ್ನೇ ತೋರಿಸಿ ಅಲ್ಲಿ ಹೆಚ್ಚು ಸಂಬಳ ಪಡೆದು, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಳ್ಳುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ರಿಕ್ರೂಟರ್‌ಗಳು ಇದನ್ನು ‘ಡ್ರಾಪ್’ ಎನ್ನುತ್ತಾರೆ. ಅವರ ನಿದ್ದೆ ಕೆಡಿಸುವುದು ಇದೊಂದೇ. ನಡುವೆ ಅವರು ಕರೆ ಮಾಡಿ ‘ರಾಜೀನಾಮೆ ಒಪ್ಪಿದರಾ, ಕೊನೆಯ ದಿನ ಗೊತ್ತಾಯಿತಾ’ ಎಂದು ವಿಚಾರಿಸುವುದರಲ್ಲಿ ಯೋಗಕ್ಷೇಮಕ್ಕಿಂತ ಹೆಚ್ಚಾಗಿ ಈ ಆತಂಕವೇ ಇರುತ್ತದೆ. ಅಂಥವರಿಗೆ ‘ಲ್ಯಾಪ್‌ಟಾಪನ್ನು ದಾವಣಗೆರೆಯ ಮನೆಗೆ ಕಳುಹಿಸುತ್ತೀರಾ ಅಥವಾ ಕಚೇರಿಯಲ್ಲಿ ಪಡೆಯಬೇಕೇ’ ಎಂಬ ಮೇಲ್ ಬಂದರೆ ಕೋಪ ಬರುವುದಿಲ್ಲ, ಈ ವ್ಯಕ್ತಿ ಸೇರುವುದು ಖಚಿತ ಎಂಬ ಸಮಾಧಾನವಾಗುತ್ತದೆ. ಅವರಿಗೆ ಅನುಮಾನ ಹುಟ್ಟಿಸುವವರು ಮೂರು ವಾರ ಏನನ್ನೂ ಕೇಳದೆ ಮೌನವಾಗಿರುವವರು.

ಹಾಗಾದರೆ ಆಫರ್ ರದ್ದಾಗುವುದೇ ಇಲ್ಲವೇ? ಆಗುತ್ತದೆ, ಆದರೆ ಅದರ ಕಾರಣಗಳೇ ಬೇರೆ. ಹಿನ್ನೆಲೆ ಪರಿಶೀಲನೆಯಲ್ಲಿ ಹಿಂದಿನ ಕೆಲಸದ ದಿನಾಂಕಗಳು ರೆಸ್ಯೂಮೆಯೊಂದಿಗೆ ತಾಳೆಯಾಗದಿದ್ದಾಗ, ರಿಲೀವಿಂಗ್ ಪತ್ರ ಕೊಡಲಾಗದಿದ್ದಾಗ, ಸೇರುವ ದಿನವನ್ನು ಪದೇ ಪದೇ ಮುಂದೂಡಿದಾಗ, ಅಥವಾ ಕಂಪನಿಯೇ ನೇಮಕಾತಿ ನಿಲ್ಲಿಸಿದಾಗ ಆಗುತ್ತದೆ. ಇಂಥ ಕಾರಣದಿಂದ ಆಫರ್ ಕಳೆದುಕೊಂಡವರೊಬ್ಬರು ಹಿಂದಿನ ವಾರ ಡ್ರೆಸ್ ಕೋಡ್ ಬಗ್ಗೆ ಕೇಳಿದ್ದರೆಂದಿಟ್ಟುಕೊಳ್ಳಿ. ನಿಜವಾದ ಕಾರಣವನ್ನು ಎಚ್‌ಆರ್‌ ಬಿಡಿಸಿ ಹೇಳುವುದಿಲ್ಲ, ಆಫರ್ ಕಳೆದುಕೊಂಡವರು ಪ್ರಶ್ನೆಯನ್ನೇ ಕಾರಣವೆಂದು ಭಾವಿಸುತ್ತಾರೆ, ಮುಂದೆ ಪಿ.ಜಿ.ಯ ರೂಮ್‌ಮೇಟ್‌ಗಳಿಗೆಲ್ಲ ಅದನ್ನೇ ಹೇಳುತ್ತಾರೆ. ಈ ನಂಬಿಕೆ ಬೆಳೆದಿರುವುದು ಹೀಗೆಯೇ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಒಪ್ಪಿಕೊಂಡದ್ದು ಹೇಗೆ ಜಾರಿಯಾಗುತ್ತದೆ ಎಂದು ಕೇಳುವುದು ಬೇರೆ, ಒಪ್ಪಿಕೊಂಡದ್ದನ್ನೇ ಬದಲಾಯಿಸಲು ಹೊರಡುವುದು ಬೇರೆ. ವಾರಕ್ಕೆ ಮೂರು ದಿನ ಕಚೇರಿ ಎಂದು ಪತ್ರದಲ್ಲಿದ್ದರೆ ‘ಮೊದಲ ವಾರ ಯಾವ ದಿನಗಳಲ್ಲಿ ಬರಬೇಕು’ ಎಂಬುದು ಮಾಹಿತಿಯ ಪ್ರಶ್ನೆ. ‘ಒಂದೇ ದಿನ ಬಂದರೆ ಆಗುವುದಿಲ್ಲವೇ’ ಎಂಬುದು ಚೌಕಾಸಿ. ಸಹಿಯ ಮೊದಲು ಮುಗಿಯಬೇಕಿದ್ದ ಚೌಕಾಸಿಯನ್ನು ಲ್ಯಾಪ್‌ಟಾಪ್ ಪ್ರಶ್ನೆಯ ಜೊತೆ ಒಂದೇ ಮೇಲ್‌ನಲ್ಲಿ ಸೇರಿಸಿದವರಿಗೆ ತಣ್ಣನೆಯ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮೂರು ಬೇರೆ ಮೇಲ್ ಬೇಡ, ಸೇರುವುದಕ್ಕೆ ಸುಮಾರು ಎರಡು ವಾರ ಮೊದಲು ಒಂದೇ ಮೇಲ್ ಸಾಕು. ಅದನ್ನು ಆಫರ್ ಕಳುಹಿಸಿದ ರಿಕ್ರೂಟರ್‌ಗೆ ಬರೆಯಿರಿ. ಸೇರ್ಪಡೆಯ ಕೆಲಸ ಬೇರೆ ತಂಡದ್ದಾದರೆ ಅವರೇ ಮುಂದಕ್ಕೆ ಕಳುಹಿಸುತ್ತಾರೆ. ಇಂಗ್ಲಿಷಿನಲ್ಲಿ ಬರೆದರೂ ಒಕ್ಕಣೆ ಇಷ್ಟಿದ್ದರೆ ಸಾಕು:

‘ನಮಸ್ಕಾರ. ಜೂನ್ 23ರಂದು ಸೇರಲು ಸಿದ್ಧನಿದ್ದೇನೆ. ಕೆಲವು ವಿವರಗಳು ಬೇಕಿದ್ದವು. ಲ್ಯಾಪ್‌ಟಾಪನ್ನು ಕೊರಿಯರ್‌ನಲ್ಲಿ ಕಳುಹಿಸುವುದಾದರೆ, ಪೋರ್ಟಲ್‌ನಲ್ಲಿರುವ ಮಾರತ್ತಹಳ್ಳಿಯ ವಿಳಾಸದಲ್ಲಿ ನಾನು ಈಗಿಲ್ಲ. ಜೂನ್ 21ರವರೆಗೆ ದಾವಣಗೆರೆಯಲ್ಲಿರುತ್ತೇನೆ. ಮೊದಲ ದಿನ ಯಾವ ಗೇಟಿನಲ್ಲಿ, ಎಷ್ಟು ಗಂಟೆಗೆ, ಯಾರನ್ನು ಕಾಣಬೇಕು? ಮೊದಲ ವಾರ ಯಾವ ದಿನಗಳಲ್ಲಿ ಕಚೇರಿಗೆ ಬರಬೇಕು? ಉಡುಪಿನ ನಿಯಮವೇನು?’

ಲ್ಯಾಪ್‌ಟಾಪ್ ವಿಳಾಸವನ್ನು ಮೊದಲಿಗೇ ಇಟ್ಟಿರುವುದಕ್ಕೆ ಕಾರಣವಿದೆ. ತಿಂಗಳ ಹಿಂದೆ ಪೋರ್ಟಲ್‌ನಲ್ಲಿ ತುಂಬಿದ ವಿಳಾಸವನ್ನೇ ಐಟಿ ವಿಭಾಗ ಕೊರಿಯರ್‌ಗೆ ಕೊಡುತ್ತದೆ, ಪೆಟ್ಟಿಗೆ ಬಿಟ್ಟುಬಂದ ಪಿ.ಜಿ.ಗೆ ಹೋಗುತ್ತದೆ, ಅಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಲು ಯಾರೂ ಇಲ್ಲದೆ ಮರಳುತ್ತದೆ. ಸೋಮವಾರದ ಇಂಡಕ್ಷನ್‌ಗೆ ನೀವು ಫೋನಿನಲ್ಲೇ ಕೂರಬೇಕಾಗುತ್ತದೆ. ದೃಷ್ಟಿ ದೋಷವಿರುವವರು ಸ್ಕ್ರೀನ್ ರೀಡರ್ ಬೇಕೆಂಬುದನ್ನು ಇನ್ನೂ ಮೊದಲೇ ತಿಳಿಸಬೇಕು, ಏಕೆಂದರೆ ಅದರ ಲೈಸೆನ್ಸ್ ಖರೀದಿಸಬೇಕಿದ್ದರೆ ಮಂಜೂರಾತಿ ಬೇಕಾಗುತ್ತದೆ. ಗೇಟಿನ ಪ್ರಶ್ನೆಯನ್ನೂ ಹಗುರವಾಗಿ ನೋಡಬೇಡಿ: ದೊಡ್ಡ ಟೆಕ್ ಪಾರ್ಕ್‌ಗಳಲ್ಲಿ ಒಂದೇ ಕಂಪನಿ ಎರಡು ಮೂರು ಬ್ಲಾಕ್‌ಗಳಲ್ಲಿರಬಹುದು, ಮತ್ತು ಸಂದರ್ಶಕರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಸೆಕ್ಯುರಿಟಿಯವರು ಆಫರ್ ಪತ್ರ ತೋರಿಸಿದರೂ ಒಳಗೆ ಬಿಡುವುದಿಲ್ಲ.

ಉಡುಪಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಉತ್ತರ ಬರದಿದ್ದರೆ ಕಾಲರ್ ಇರುವ ಅಂಗಿ ಅಥವಾ ಸಾದಾ ಕುರ್ತಾ ಸಾಕು. ಗುರುತಿನ ಚೀಟಿಯ ಫೋಟೋವನ್ನು ಅನೇಕ ಕಡೆ ಮೊದಲ ದಿನವೇ ತೆಗೆಯುತ್ತಾರೆ, ವರ್ಷಗಟ್ಟಲೆ ಕೊರಳಲ್ಲಿ ತೂಗುವುದು ಅದೇ. ಪೀಣ್ಯ, ಬಿಡದಿಯ ಕಾರ್ಖಾನೆಗಳಿಗೆ ಸೇರುವವರು ಮಾತ್ರ ಖಂಡಿತ ಕೇಳಬೇಕು, ಏಕೆಂದರೆ ಸೇಫ್ಟಿ ಶೂ ಇಲ್ಲದೆ ಶಾಪ್ ಫ್ಲೋರ್‌ಗೆ ಬಿಡುವುದಿಲ್ಲ, ಮತ್ತು ಕಂಪನಿಯೇ ಶೂ ಕೊಡುವುದಾದರೆ ನಿಮ್ಮ ಅಳತೆ ಅವರಿಗೆ ಮೊದಲೇ ಗೊತ್ತಿರಬೇಕು.

ನೀವು ಕೇಳದಿದ್ದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಮೊದಲ ಸಂಬಳ ಯಾವಾಗ? ಬಹಳಷ್ಟು ಕಂಪನಿಗಳು ತಿಂಗಳ ಮೂರನೆಯ ವಾರದ ಆಸುಪಾಸಿನಲ್ಲಿ ಪೇರೋಲ್ ಪಟ್ಟಿಯನ್ನು ಮುಚ್ಚುತ್ತವೆ. ಆ ದಿನದ ನಂತರ ಸೇರಿದವರ ಸಂಬಳ ಮುಂದಿನ ತಿಂಗಳ ಸಂಬಳದೊಂದಿಗೆ ಬರುತ್ತದೆ. ಇತ್ತ ಹಳೆಯ ಕಂಪನಿ ಕೊನೆಯ ತಿಂಗಳ ಸಂಬಳವನ್ನು ಫುಲ್ ಅಂಡ್ ಫೈನಲ್ ಲೆಕ್ಕ ಮುಗಿಯುವ ತನಕ ತಡೆದಿಡುವುದೂ ಉಂಟು. ಮೇ 31ಕ್ಕೆ ಸಂಬಳ ಪಡೆದು, ಜೂನ್ 20ರಂದು ಹಳೆಯ ಕಂಪನಿ ಬಿಟ್ಟು, 23ರಂದು ಹೊಸದಕ್ಕೆ ಸೇರಿದವರ ಲೆಕ್ಕ ಹಾಕಿ ನೋಡಿ: ಕೆಲಸದಲ್ಲಿ ಒಂದು ವಾರವೂ ಬಿಡುವಿಲ್ಲ, ಆದರೆ ಜುಲೈ 31ರವರೆಗೆ ಖಾತೆಗೆ ಏನೂ ಬರದಿರಬಹುದು. ಬೆಂಗಳೂರಿನಲ್ಲಿ ಹೊಸ ಮನೆಯ ಅಡ್ವಾನ್ಸ್ ಕಟ್ಟಬೇಕಾದದ್ದೂ ಅದೇ ಎರಡು ತಿಂಗಳಲ್ಲಿ. ಆದ್ದರಿಂದ ಮೇಲಿನ ಮೇಲ್‌ಗೆ ‘ಜೂನ್ ತಿಂಗಳ ಪೇರೋಲ್‌ನಲ್ಲಿ ನನ್ನ ಹೆಸರು ಸೇರುತ್ತದೆಯೇ’ ಎಂಬ ಒಂದು ಸಾಲನ್ನೂ ಸೇರಿಸಿ, ಮತ್ತು ಉತ್ತರ ಬರುವವರೆಗೆ ಮನೆ ಮಾಲೀಕರಿಗೆ ಟೋಕನ್ ಕೊಡಬೇಡಿ.