£ÁªÀÅ ಅಂದರೆ ನಾವು, £ÁªÀÄ ಅಂದರೆ ನಾಮ

ಪರಿಚಯದವರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಜೊತೆಗೆ ಒಂದು ಪ್ರಶ್ನೆ: "ಇದು ಯಾವ ಭಾಷೆ? ನನ್ನ ಫೋನ್ ಹಾಳಾಗಿದೆಯಾ?" ಚಿತ್ರದಲ್ಲಿದ್ದ ಸಾಲು ಇದು.

```
PÁAiÀÄðzÀ²ðAiÀÄªÀgÀÄ £Á¼É ¸À¨sÉUÉ §gÀÄªÀÅ¢®è
```

ಫೋನ್ ಚೆನ್ನಾಗಿಯೇ ಇತ್ತು. ಭಾಷೆಯೂ ಕನ್ನಡವೇ. ಬರೆದವರ ಕಂಪ್ಯೂಟರಿನಲ್ಲಿದ್ದ ಫಾಂಟ್ ಇವರ ಫೋನಿನಲ್ಲಿ ಇರಲಿಲ್ಲ, ಅಷ್ಟೇ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಒತ್ತಕ್ಷರ, ಕಾಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ಆಗಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಹಾಗಾಗಿ ಬರಹ, ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಒಂದು ಉಪಾಯ ಮಾಡಿದವು. ಫಾಂಟ್‌ನಲ್ಲಿ ಇದ್ದದ್ದು 256 ಮನೆ. ಕನ್ನಡದ 34 ವ್ಯಂಜನಗಳ ಕಾಗುಣಿತವೇ ನಾನೂರು ದಾಟುತ್ತದೆ, ಒತ್ತುಗಳು ಬೇರೆ. ಎಲ್ಲ ಅಕ್ಷರಕ್ಕೂ ಒಂದೊಂದು ಮನೆ ಕೊಡಲು ಸಾಧ್ಯವೇ ಇಲ್ಲ. ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿದರು. ಕ ಅಕ್ಷರದ ಮೈಯನ್ನು P ಮನೆಯಲ್ಲಿ ಕೂರಿಸಿದರು, ತಲೆಕಟ್ಟನ್ನು À ಮನೆಯಲ್ಲಿ. ಎರಡೂ ಪಕ್ಕಪಕ್ಕ ಬಂದರೆ ಪರದೆಯ ಮೇಲೆ ಕ ಕಾಣುತ್ತದೆ. ಫೈಲಿನೊಳಗೆ ಮಾತ್ರ ಯಾವಾಗಲೂ ಇರುವುದು PÀ. ಫಾಂಟ್ ಇಲ್ಲದ ಕಡೆ ಆ ಒಳಗಿನ ರೂಪ ಹೊರಗೆ ಬರುತ್ತದೆ.

ಇದು ಗೊತ್ತಾದರೆ ಓದುವುದು ಕಷ್ಟವಲ್ಲ. ಕನ್ನಡ ಅನ್ನುವ ಪದ ಇಲ್ಲಿ PÀ£ÀßqÀ ಆಗುತ್ತದೆ. PÀ ಅಂದರೆ ಕ, £À ಅಂದರೆ ನ, ß ಅಂದರೆ ನ ಒತ್ತು, qÀ ಅಂದರೆ ಡ. ತಲೆಕಟ್ಟಿನ ಬದಲು Á ಬಂದರೆ ದೀರ್ಘ, É ಬಂದರೆ ಎತ್ವ. ಕೊಂಬಿಗೆ Ä. ಗುಡಿಸು ಅಕ್ಷರದ ಮೈಗೇ ಅಂಟಿಕೊಳ್ಳುವುದರಿಂದ ಅಂಥ ಅಕ್ಷರಕ್ಕೆ ಬೇರೆಯೇ ಮನೆ: ಕಿ ಅಂದರೆ Q, ಗಿ ಅಂದರೆ V, ತಿ ಅಂದರೆ w. ಇಂಗ್ಲಿಷ್‌ನ ಸದ್ದಿಗೂ ಇದಕ್ಕೂ ಸಂಬಂಧ ಹುಡುಕಬೇಡಿ, ಇಲ್ಲ.

ಆದರೆ ಅಕ್ಷರ ಬಿಡಿಸುವ ಮೊದಲು ಇದು ಇದೇ ಜಾತಿಯ ಕಲಸುಮೇಲೋಗರ ಹೌದಾ ಅಂತ ನೋಡಬೇಕು. ಸಾಲಿನ ತುಂಬ à² ಮತ್ತು à³ ಮತ್ತೆ ಮತ್ತೆ ಬಂದಿದ್ದರೆ ಅದು ಹಳೆಯ ಫಾಂಟ್ ಅಲ್ಲ. ಅದು ಸರಿಯಾದ ಯೂನಿಕೋಡ್ ಕನ್ನಡವೇ, ತಪ್ಪು ಸಂಕೇತದಲ್ಲಿ, ಅಂದರೆ ತಪ್ಪು ಎನ್‌ಕೋಡಿಂಗ್‌ನಲ್ಲಿ ತೆರೆದುಕೊಂಡಿದೆ. ಅಲ್ಲಿ ಕ ಅಕ್ಷರ à²• ಎಂದು ಕಾಣುತ್ತದೆ. ಅದರ ಫೈಲ್ ಕೈಯಲ್ಲಿದ್ದರೆ ಸಂಕೇತ ಬದಲಿಸಿ ತೆರೆದರೆ ಸಾಕು. ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಒಂದು ತೊಡಕಿದೆ. ಕೊಂಬು (ು) ಮತ್ತು ಅರ್ಧಾಕ್ಷರದ ಗುರುತು (್), ಇವೆರಡರ ಕೊನೆಯ ಬೈಟ್‌ಗೂ ವಿಂಡೋಸ್‌ನ ಹಳೆಯ ಸಂಕೇತದಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಎರಡೂ ಬರೀ à³ ಆಗಿ ಕಾಣುತ್ತವೆ. ಚಿತ್ರದಲ್ಲಿ ಅವುಗಳನ್ನು ಬೇರೆ ಮಾಡಲು ದಾರಿಯಿಲ್ಲ, ಪದದ ಅರ್ಥ ನೋಡಿಯೇ ತೀರ್ಮಾನಿಸಬೇಕು. ಇನ್ನು ಶ್ರೀಲಿಪಿ, ಆಕೃತಿಯಂಥ ಫಾಂಟ್‌ಗಳಲ್ಲಿ ಮನೆಗಳ ಹಂಚಿಕೆಯೇ ಬೇರೆ. ನುಡಿಯ ಲೆಕ್ಕದಲ್ಲಿ ಓದಿದಾಗ ಎರಡನೇ ಪದಕ್ಕೇ ಅರ್ಥವಿಲ್ಲದ ಜೋಡಣೆ ಬಂದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿ ಅರ್ಥ ಹೊರಡಿಸಬೇಡಿ.

ಈಗ ಆ ಸಾಲಿಗೆ ಬರೋಣ. PÁ ಅಂದರೆ ಕಾ. ಮುಂದಿನ AiÀÄ ನಾಲ್ಕು ತುಂಡು ಸೇರಿ ಆದ ಒಂದೇ ಅಕ್ಷರ, ಯ. A ಒಂಟಿಯಾಗಿ ಬಂದರೆ ಅದು ಸೊನ್ನೆ (ಂ), ಅದರ ಬೆನ್ನಿಗೆ i ಬಂದರೆ ಯ ಶುರುವಾಯಿತು ಅಂತ. ಯ ಅಕ್ಷರದ ಎಡಗಡೆಯ ಸುರುಳಿ ನೋಡಿ, ಸೊನ್ನೆಯ ಹಾಗೇ ಇದೆ ಅಲ್ವಾ? ಅದೇ ತುಂಡನ್ನು ಇಲ್ಲೂ ಬಳಸಿಕೊಂಡಿದ್ದಾರೆ.

ಆಮೇಲೆ ಬರುವ ð ಅರ್ಕಾವತ್ತು. ಕೈಬರಹದಲ್ಲಿ ನಾವು ಅರ್ಕಾವತ್ತನ್ನು ಅಕ್ಷರ ಬರೆದ ಮೇಲೆ ಬಲಕ್ಕೆ ಹಾಕುತ್ತೇವೆ, ಓದುವಾಗ ಮಾತ್ರ ಮೊದಲು ಹೇಳುತ್ತೇವೆ. ಈ ಫಾಂಟ್ ಬರೆಯುವ ಕ್ರಮವನ್ನೇ ಇಟ್ಟುಕೊಂಡಿದೆ. ಆದ್ದರಿಂದ AiÀÄð ಅಂದರೆ ರ್ಯ. zÀ ಅಂದರೆ ದ. ² ಅನ್ನು ಎರಡು ಅಂದುಕೊಳ್ಳಬೇಡಿ, ಅದು ಶಿ. ಅದರ ಮುಂದೆ ಮತ್ತೆ ð ಇದೆ, ಹಾಗಾಗಿ ರ್ಶಿ. ಅಲ್ಲಿಗೆ "ಕಾರ್ಯದರ್ಶಿ". ಉಳಿದ AiÀÄªÀgÀÄ "ಯವರು". ಇಷ್ಟಕ್ಕೆ ಒಟ್ಟು 20 ಗುರುತು, ಕನ್ನಡದಲ್ಲಿ ಏಳೇ ಅಕ್ಷರ.

£Á¼É "ನಾಳೆ". ¸À¨sÉUÉ ಪದದಲ್ಲಿ ಮೊದಲ ಗುರುತು ಅಲ್ಪವಿರಾಮದ ಹಾಗೆ ಕಂಡರೂ ಅದು ಸ. ¨É ಅಂದರೆ ಬೆ, ನಡುವೆ s ಸೇರಿದರೆ ಭೆ. ಆ s ಮಹಾಪ್ರಾಣದ ಸೀಳು. ಪದ "ಸಭೆಗೆ". ಕೊನೆಯದು §gÀÄªÀÅ¢®è: ಬ, ರು, ವು, ದಿ, ಲ, ಲ ಒತ್ತು. "ಬರುವುದಿಲ್ಲ". ಹೀಗೆ ಸಾಲು ಪೂರ್ತಿಯಾಯಿತು: ಕಾರ್ಯದರ್ಶಿಯವರು ನಾಳೆ ಸಭೆಗೆ ಬರುವುದಿಲ್ಲ.

ಇಲ್ಲಿಯವರೆಗೆ ಸುಲಭ, ಯಾಕೆಂದರೆ ನಾನು ಟೈಪ್ ಮಾಡಿದ ಸಾಲು ನಿಮಗೆ ಸ್ಪಷ್ಟವಾಗಿ ಕಾಣುತ್ತಿದೆ. ಸ್ಕ್ರೀನ್‌ಶಾಟ್ ಹಾಗಿರುವುದಿಲ್ಲ. ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಚಿತ್ರ ಮಸುಕಾಗಿರುತ್ತದೆ. ಮಸುಕಾದಾಗ P, q, s ಮುಂತಾದ ಪೂರ್ತಿ ಅಕ್ಷರಗಳು ಉಳಿದುಕೊಳ್ಳುತ್ತವೆ. ಹಾಳಾಗುವುದು ತಲೆಯ ಮೇಲಿನ ಗೀರು, ಚುಕ್ಕಿ, ಉಂಗುರ. ಈ ಫಾಂಟ್‌ನಲ್ಲಿ ಹೆಚ್ಚಿನ ಸ್ವರಗಳು ಇರುವುದು ಆ ಗೀರು ಚುಕ್ಕಿಗಳಲ್ಲೇ!

ಕೆಲವು ಗೊಂದಲಗಳನ್ನು ಜೋಡಣೆಯ ನಿಯಮವೇ ಬಿಡಿಸಿಕೊಡುತ್ತದೆ. º ಮತ್ತು ° ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮೊದಲನೆಯದು ಹ ಅಕ್ಷರದ ಮೈ, ಎರಡನೆಯದು ಲಿ. ಆದರೆ ಹ ಅಕ್ಷರದ ಮೈಗೆ ಮುಂದೆ ತಲೆಕಟ್ಟೋ ದೀರ್ಘವೋ ಎತ್ವವೋ ಏನಾದರೂ ಬೇಕೇಬೇಕು. ಲಿ ಆಗಲೇ ಪೂರ್ತಿಯಾಗಿದೆ, ಅದರ ಮುಂದೆ À ಬರುವ ಹಾಗಿಲ್ಲ. ಹಾಗಾಗಿ ದುಂಡನೆಯ ಗುರುತಿನ ಮುಂದೆ À ಇದ್ದರೆ ಅದು ಹ. è ಇದ್ದರೆ ಅದು ಲ್ಲಿ, zÀ°è ಅನ್ನುವಲ್ಲಿ "ದಲ್ಲಿ" ಆದ ಹಾಗೆ.

ಇದೇ ನಿಯಮದಿಂದ ಇನ್ನೊಂದು ಕೆಡುಕನ್ನೂ ಹಿಡಿಯಬಹುದು. ಕೆಲವು ವೆಬ್‌ಪುಟಗಳು ತಲೆಬರಹವನ್ನು ತಾವಾಗಿಯೇ ದೊಡ್ಡಕ್ಷರಕ್ಕೆ ತಿರುಗಿಸುತ್ತವೆ. ಆಗ PÀ£ÀßqÀ ಹೋಗಿ PÀ£ÀSSQÀ ಆಗುತ್ತದೆ. q ಅಕ್ಷರ Q ಆಗಿ, ಡ ಇದ್ದಲ್ಲಿ ಕಿ ಬಂತು. ß ಒಡೆದು ಎರಡು S ಆಯಿತು. ಕಿ ಮುಂದೆ ತಲೆಕಟ್ಟು ಬರಲಾರದು, ಹಾಗಾಗಿ QÀ ಕಂಡ ಕೂಡಲೇ ಯಾರೋ ಅಕ್ಷರ ದೊಡ್ಡದು ಮಾಡಿದ್ದಾರೆ ಅಂತ ತಿಳಿಯುತ್ತದೆ.

ನಿಯಮ ಕೈಕೊಡುವ ಜಾಗವೇ ನಿಜವಾದ ಅಪಾಯದ ಜಾಗ. £ÀqÀÄ ಅಂದರೆ ನಡು, £ÁqÀÄ ಅಂದರೆ ನಾಡು. ಎರಡರ ನಡುವೆ ಇರುವುದು ಒಂದು ಗೀರು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಅನ್ನುವಷ್ಟೇ. ಇದಕ್ಕಿಂತ ಸಣ್ಣದು Ä ಮತ್ತು Å. ಕನ್ನಡದಲ್ಲಿ ಮ ಮತ್ತು ವು ಒಂದೇ ಮೈಯವು, ಬಾಲ ಎಲ್ಲಿ ಅಂಟಿದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಫಾಂಟ್ ಮಾಡಿದವರು ಅದನ್ನೇ ಅನುಸರಿಸಿದ್ದಾರೆ: ªÀÄ ಅಂದರೆ ಮ, ªÀÅ ಅಂದರೆ ವು. ಹಾಗಾಗಿ £ÁªÀÅ "ನಾವು", £ÁªÀÄ "ನಾಮ". ಎರಡು ಚುಕ್ಕಿಗಳು ಮಸುಕಾಗಿ ಒಂದಾದರೆ ಉಂಗುರದ ಹಾಗೇ ಕಾಣುತ್ತವೆ. ಜೋಡಣೆ ಎರಡೂ ಕಡೆ ಸರಿ, ಪದವೂ ಎರಡೂ ಕಡೆ ಸರಿ.

ಸಾಮಾನ್ಯವಾಗಿ ವಾಕ್ಯ ಕಾಪಾಡುತ್ತದೆ. "ನಾಮ ನಾಳೆ ಬರುತ್ತೇವೆ" ಅಂತ ಯಾರೂ ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ಆ ರಕ್ಷಣೆಯೂ ಇಲ್ಲ. ಒಮ್ಮೆ ಇಂಥದ್ದೇ ಒಂದು ಪಟ್ಟಿಯನ್ನು ಚಿತ್ರದಿಂದ ಬಿಡಿಸಿ ಕೊಟ್ಟಿದ್ದೆ. ಅದರಲ್ಲಿ PÀqÀÆgÀÄ ಎಂದಿದ್ದದ್ದನ್ನು ನಾನು PÁqÀÆgÀÄ ಅಂತ ಓದಿದ್ದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು ನನ್ನ ಕೈಯಲ್ಲಿ ಕಾಡೂರಿನವರಾದರು. ಕಾಡೂರು ಅನ್ನುವುದೂ ಊರಿಗೆ ಒಪ್ಪುವ ಹೆಸರೇ ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಆವತ್ತಿನಿಂದ ನಾನು ಎರಡು ಹಂತದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಚಿತ್ರ ದೊಡ್ಡದು ಮಾಡಿಕೊಂಡು, ಅರ್ಥದ ಕಡೆ ಹೋಗದೆ, ಕಂಡ ಗುರುತುಗಳನ್ನು ಹಾಗೇ ಟೈಪ್ ಮಾಡುತ್ತೇನೆ. ಖಚಿತವಾಗಿ ಕಾಣದ ಗುರುತಿನ ಪಕ್ಕ ಪ್ರಶ್ನೆಚಿಹ್ನೆ. ಓದುವುದು ಆಮೇಲೆ. ಓದುತ್ತಲೇ ಟೈಪ್ ಮಾಡಿದರೆ ಕಣ್ಣು ನಿರೀಕ್ಷಿಸಿದ್ದನ್ನೇ ಕಾಣುತ್ತದೆ, ನನ್ನ ಕಾಡೂರು ಹುಟ್ಟಿದ್ದೇ ಹಾಗೆ. ಕನ್ನಡ ಸಿಕ್ಕ ಮೇಲೆ ಅದನ್ನು ಪರಿವರ್ತಕದಲ್ಲಿ ಹಾಕಿ ವಾಪಸ್ ಹಳೆಯ ಸಂಕೇತಕ್ಕೆ ತರುತ್ತೇನೆ, ಚಿತ್ರದ ಸಾಲಿನ ಕೆಳಗಿಟ್ಟು ಗುರುತು ಗುರುತಿಗೆ ಹೋಲಿಸುತ್ತೇನೆ. ಕಾರ್ಯದರ್ಶಿಯವರು ಅಂತ ಓದಿದ್ದರೆ 20 ಗುರುತು ಬರಬೇಕು. 19 ಬಂದರೆ ಎಲ್ಲೋ ಒಂದು ನುಂಗಿದ್ದೇನೆ. ಆದರೆ À ಮತ್ತು Á ಅದಲುಬದಲಾದರೆ ಲೆಕ್ಕ ಸರಿಯಾಗೇ ಇರುತ್ತದೆ, ಅದನ್ನು ಕಣ್ಣೇ ಹಿಡಿಯಬೇಕು.

ತಿದ್ದುವ ಚಪಲವೂ ಒಂದಿದೆ. ಚಿತ್ರದಲ್ಲಿ ¸À¨É ಅಂತಿದ್ದರೆ ಕೈ ತಾನಾಗಿಯೇ "ಸಭೆ" ಬರೆಯಲು ಹೋಗುತ್ತದೆ. ಆದರೆ s ಪೂರ್ತಿ ಅಕ್ಷರ, ಮಸುಕಿಗೆ ಸುಮ್ನೆ ಮಾಯವಾಗುವಂಥದ್ದಲ್ಲ. ಅದು ಕಾಣುತ್ತಿಲ್ಲ ಅಂದರೆ ಬರೆದವರೇ ಹಾಕಿಲ್ಲ, ಅವರು ಬರೆದದ್ದು "ಸಬೆ". ನಾನು ಹಾಗೇ ಬಿಡುತ್ತೇನೆ. ಅದೇ ಒಂದು ಗೀರು ವಾಲಿದ ದಿಕ್ಕಿನ ಮೇಲೆ ನಿಂತ ಪದವಾಗಿದ್ದರೆ ಎರಡೂ ಓದನ್ನು ಬರೆದು, "ಕಡೂರು ಅಥವಾ ಕಾಡೂರು, ಚಿತ್ರ ಸ್ಪಷ್ಟವಿಲ್ಲ" ಎಂದು ಕೊಟ್ಟು, ಮೂಲ ಫೈಲ್ ಸಿಗುತ್ತದಾ ಅಂತ ಕೇಳುತ್ತೇನೆ. ಫೈಲ್ ಸಿಕ್ಕರೆ ಈ ಇಡೀ ಕಸರತ್ತೇ ಬೇಕಿಲ್ಲ. ಅಕ್ಷರಗಳನ್ನು ಆರಿಸಿಕೊಂಡು `Nudi 01 e` ಫಾಂಟ್ ಕೊಟ್ಟರೆ ಸಾಲು ಕಣ್ಣೆದುರಿಗೇ ಕನ್ನಡವಾಗುತ್ತದೆ.