ತಣ್ಣನೆ ಹಾಲಿನ ನೊರೆ ನಿಲ್ಲಬೇಕಾದರೆ: ಕೊಬ್ಬಿನ ಲೆಕ್ಕ

ಐಸ್ಡ್ ಕಾಫಿಯ ಮೇಲೆ ದಪ್ಪಗೆ ಕೂರುವ ಬಿಳಿ ನೊರೆಗೆ ಕೋಲ್ಡ್ ಫೋಮ್ ಅಂತಾರೆ. ಇದಕ್ಕೆ ಸ್ಟೀಮ್ ಬೇಡ, ಒಲೆ ಬೇಡ. ಫ್ರಿಜ್‌ನಿಂದ ತೆಗೆದ ಹಾಲನ್ನು ಹಾಗೇ ಕಡೆದರೆ ಆಯಿತು. ಆದರೆ ಮನೆಯಲ್ಲಿ ಮಾಡಿದಾಗ ನೊರೆ ಜೋರಾಗಿ ಏಳುತ್ತದೆ, ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಇಳಿದುಹೋಗುತ್ತದೆ. ಹೆಚ್ಚಿನವರು ಆಗ ಹಾಲು ಕಡೆದು ನೊರೆ ಎಬ್ಬಿಸುವ ಫ್ರೋದರ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾದ ಕಾರಣ ಹಾಲಿನ ಕೊಬ್ಬಿನಲ್ಲಿದೆ.

ನೊರೆಯ ಒಂದು ಗುಳ್ಳೆಯನ್ನೇ ನೋಡೋಣ. ಒಳಗೆ ಗಾಳಿ, ಸುತ್ತ ಹಾಲಿನ ತೆಳು ಪೊರೆ. ಆ ಪೊರೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನ್. ಕಡೆಯುವಾಗ ಪ್ರೋಟೀನ್ ಗಾಳಿಯ ಸುತ್ತ ಬಂದು ಹರಡಿ, ಒಂದಕ್ಕೊಂದು ಅಂಟಿಕೊಂಡು ಗೋಡೆ ಕಟ್ಟುತ್ತದೆ. ಕೊಬ್ಬಿನ ಹನಿಗಳು ಅದೇ ಗೋಡೆಯಲ್ಲಿ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಅರ್ಧ ಗಟ್ಟಿ, ಅರ್ಧ ಕರಗಿದ ಕೊಬ್ಬು ಪೊರೆಯನ್ನು ಚುಚ್ಚಿ, ಅದರ ಮೇಲೆ ಜಿಡ್ಡಿನಂತೆ ಹರಡುತ್ತದೆ. ಪ್ರೋಟೀನ್ ಪಕ್ಕಕ್ಕೆ ಸರಿಯುತ್ತದೆ, ಗುಳ್ಳೆ ಒಡೆಯುತ್ತದೆ. ಹಾಲು 25 ಡಿಗ್ರಿಯ ಆಸುಪಾಸಿಗೆ ಬಂದಾಗ ಈ ಕಾಟ ಅತಿ ಜಾಸ್ತಿ. ಬೆಂಗಳೂರಿನ ಮಧ್ಯಾಹ್ನ ಕಟ್ಟೆ ಮೇಲೆ ಇಟ್ಟು ಮರೆತ ಹಾಲು ತಲುಪುವುದು ಅಲ್ಲಿಗೇ ಅಲ್ವಾ? ಅದಕ್ಕೇ ಹಾಲು 4–5 ಡಿಗ್ರಿಯಲ್ಲಿರಬೇಕು. ಕಡೆಯುವ ಲೋಟವನ್ನೂ ಫ್ರಿಜ್‌ನಲ್ಲಿಡಿ.

ಇಲ್ಲಿಂದ ಎರಡು ದಾರಿ. ಒಂದು, ಕೊಬ್ಬನ್ನು ಆದಷ್ಟು ತೆಗೆದು ಪ್ರೋಟೀನ್‌ಗೆ ಕೆಲಸ ಬಿಡುವುದು. ಇನ್ನೊಂದು, ಕೊಬ್ಬೇ ಗೋಡೆ ಕಟ್ಟುವಷ್ಟು ಜಾಸ್ತಿ ಹಾಕುವುದು. ನಡುವಿನ ಹಾಲು ಎರಡಕ್ಕೂ ಸರಿಹೋಗುವುದಿಲ್ಲ. ನಮ್ಮ ಪ್ಯಾಕೆಟ್ ಹಾಲು ಸಿಕ್ಕಿಕೊಳ್ಳುವುದು ಅಲ್ಲೇ: ಟೋನ್ಡ್ ಹಾಲಿನಲ್ಲಿ 3%, ಸ್ಟಾಂಡರ್ಡೈಸ್ಡ್ ಹಾಲಿನಲ್ಲಿ 4.5%, ಫುಲ್ ಕ್ರೀಮ್‌ನಲ್ಲಿ 6% ಕೊಬ್ಬು. ಪ್ರೋಟೀನ್‌ಗೆ ತೊಂದರೆ ಕೊಡಲು ಇಷ್ಟು ಸಾಕು, ತಾನೇ ಗೋಡೆ ಕಟ್ಟಲು ಸಾಲದು. ಡಬಲ್ ಟೋನ್ಡ್‌ನಲ್ಲಿ 1.5%, ಹಾಗಾಗಿ ಅದು ವಾಸಿ.

ಮೊದಲ ದಾರಿಗೆ ಮನೆಯ ಟೋನ್ಡ್ ಹಾಲೇ ಸಾಕು. ಹಾಲು ಕಾಯಿಸಿ, ಆರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಪೂರ್ತಿ ತೆಗೆದು, ಹಾಲನ್ನು ಸೋಸಿ. ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತ ಇದ್ದರೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಯಾಕೆಂದರೆ ಅದರ ಕೊಬ್ಬಿನ ಹನಿಗಳು ತೀರಾ ಸಣ್ಣದಾಗಿ ಒಡೆದಿರುತ್ತವೆ, ಮೇಲೆ ಬರುವುದಿಲ್ಲ. ಕೆನೆ ತೆಗೆದ 100 ಮಿ.ಲೀ. ಹಾಲಿಗೆ ಕೊಬ್ಬಿಲ್ಲದ ಹಾಲಿನ ಪುಡಿ 3 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಮತ್ತೆ ಫ್ರಿಜ್‌ನಲ್ಲಿಡಿ. ಇದರಿಂದ ಸರಿಸುಮಾರು ಒಂದು ಗ್ರಾಂ ಪ್ರೋಟೀನ್ ಸೇರುತ್ತದೆ. ಹಾಲಿನಲ್ಲಿ ಮೊದಲೇ ಇರುವುದು ಮೂರು ಗ್ರಾಂ ಚಿಲ್ಲರೆ, ಆದ್ದರಿಂದ ಈ ಒಂದು ಗ್ರಾಂ ಸಣ್ಣದಲ್ಲ.

ಇದರಲ್ಲಿ 60 ಮಿ.ಲೀ. ಎತ್ತರದ ಲೋಟಕ್ಕೆ ಹಾಕಿ, ಎರಡು ಟೀ ಚಮಚ ಸಕ್ಕರೆ ಪಾಕ ಸೇರಿಸಿ. ಪಾಕ ಬರೀ ಸಿಹಿಗಲ್ಲ. ಹಾಲು ಸ್ವಲ್ಪ ಮಂದವಾದರೆ ಗುಳ್ಳೆಗಳ ನಡುವಿನಿಂದ ನಿಧಾನವಾಗಿ ಇಳಿಯುತ್ತದೆ. ಸಕ್ಕರೆ ಹರಳು ತಣ್ಣನೆ ಹಾಲಿನಲ್ಲಿ ಬೇಗ ಕರಗುವುದಿಲ್ಲ, ಪಾಕವೇ ಬೇಕು. ಫ್ರೋದರ್ ತಲೆಯನ್ನು ಮೇಲ್ಮೈಯ ಕೆಳಗೆ ಸ್ವಲ್ಪವೇ ಮುಳುಗಿಸಿ ಹತ್ತು ಸೆಕೆಂಡ್ ಗಾಳಿ ಎಳೆಸಿ, ಆಮೇಲೆ ತಳಕ್ಕಿಳಿಸಿ ಇಪ್ಪತ್ತು ಸೆಕೆಂಡ್ ತಿರುಗಿಸಿ. ಶುರುವಿನಲ್ಲಿ ಸೋಪಿನ ನೊರೆಯಂತೆ ದೊಡ್ಡ ಗುಳ್ಳೆಗಳು ಕಾಣುತ್ತವೆ. ನಂತರ ಅವು ಸಣ್ಣದಾಗಿ, ಮೇಲ್ಮೈ ತೆಳುವಾದ ಮೊಸರಿನಂತೆ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ.

ಎರಡನೇ ದಾರಿಗೆ ಬೆಣ್ಣೆ ಕಡೆಯುವುದನ್ನು ನೆನಪಿಸಿಕೊಳ್ಳಿ. ಕಡೆದಂತೆ ಕೊಬ್ಬಿನ ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರೆ, ಅಂಟಿಕೊಂಡ ಹನಿಗಳು ಗುಳ್ಳೆಯ ಸುತ್ತ ಸರಪಳಿಯಂತೆ ನಿಲ್ಲುತ್ತವೆ. ಗಟ್ಟಿಯಾಗಿ ನಿಲ್ಲುವ ಕ್ರೀಮ್‌ಗೆ ಸುಮಾರು 30% ಕೊಬ್ಬು ಬೇಕು, ಆದರೆ ನಮಗೆ ಸುರಿಯಲು ಬರುವ ನೊರೆ ಸಾಕು. 25% ಕೊಬ್ಬಿನ ಫ್ರೆಶ್ ಕ್ರೀಮ್ 40 ಮಿ.ಲೀ., ಟೋನ್ಡ್ ಹಾಲು 20 ಮಿ.ಲೀ. ಸೇರಿಸಿದರೆ ಕೊಬ್ಬು 10 ಗ್ರಾಂ ಮತ್ತು 0.6 ಗ್ರಾಂ, ಅಂದರೆ ಒಟ್ಟಿನಲ್ಲಿ 18%ಕ್ಕೆ ಹತ್ತಿರ. ಇದು ಕೆನೆಯಂತೆ ಮಂದವಾಗಿ ಕಾಫಿಯೊಳಗೆ ನಿಧಾನವಾಗಿ ಇಳಿಯುತ್ತದೆ. ಕಾಳು ಕಾಳಾಗಿ ಕಂಡರೆ ಬೆಣ್ಣೆಯ ಕಡೆಗೆ ಹೋಯಿತು ಅಂತ ಅರ್ಥ, ಅದನ್ನು ಮತ್ತೆ ನೊರೆ ಮಾಡಲು ಆಗುವುದಿಲ್ಲ.

ನನಗೆ ಚಿಕೋರಿ ಸೇರಿದ ಫಿಲ್ಟರ್ ಡಿಕಾಕ್ಷನ್ ಜೊತೆ ಮೊದಲನೆಯದೇ ಇಷ್ಟ. ಹಗುರ ನೊರೆಯ ಅಡಿಯಲ್ಲಿ ಡಿಕಾಕ್ಷನ್‌ನ ಕಹಿ ಹಾಗೇ ಸಿಗುತ್ತದೆ, ಕ್ರೀಮ್ ಆದರೆ ಅದನ್ನು ಮುಚ್ಚಿಬಿಡುತ್ತದೆ.

ಪರೀಕ್ಷೆ ಮಾಡಲು ನೊರೆಯನ್ನು ಗಾಜಿನ ಲೋಟದಲ್ಲಿ ಸುಮ್ನೆ ಐದು ನಿಮಿಷ ಬಿಡಿ. ತಳದಲ್ಲಿ ನೀರು ಹಾಲು ಬೇಗ ಕಟ್ಟಿದರೆ ಪಾಕ ಅಥವಾ ಪ್ರೋಟೀನ್ ಕಡಿಮೆ. ಮೇಲಿನ ಗುಳ್ಳೆಗಳೇ ಪಟಪಟ ಒಡೆದರೆ ಜಿಡ್ಡಿನ ಕಾಟ. ಆಗ ಹಾಲನ್ನು ಬೈಯುವ ಮುಂಚೆ ಲೋಟವನ್ನು ಮೂಸಿ ನೋಡಿ. ಎಣ್ಣೆ ಪಸೆ ಅಥವಾ ಸರಿಯಾಗಿ ತೊಳೆಯದ ಸೋಪು ಉಳಿದಿದ್ದರೆ ಎಂಥ ನೊರೆಯೂ ನಿಲ್ಲುವುದಿಲ್ಲ. ಕಾಯಿಸದೆ ಇಟ್ಟ ಹಸಿ ಹಾಲೂ ಹೀಗೇ ಕೈ ಕೊಡಬಹುದು: ಅದರೊಳಗಿನ ಕಿಣ್ವ ಕೊಬ್ಬನ್ನು ಒಡೆದು ನೊರೆ ಕೆಡಿಸುವ ಕೊಬ್ಬಿನ ಆಮ್ಲಗಳನ್ನು ಬಿಡುತ್ತದೆ. ತಂದ ಕೂಡಲೇ ಕಾಯಿಸಿದರೆ ಆ ಕಿಣ್ವ ಅಲ್ಲಿಗೇ ಸಾಯುತ್ತದೆ.